ಇಯರ್‌ಫೋನ್ ಜಾಹೀರಾತಿನ ಎರಡು ಸಾಲುಗಳ ಕುರಿತು ಒಂದು ಪತ್ರ

ಪ್ರಿಯ ಮಿತ್ರರೆ,

ನಾಯ್ಸ್ ಕ್ಯಾನ್ಸಲಿಂಗ್ ಇಯರ್‌ಫೋನಿನ ಜಾಹೀರಾತಿಗಾಗಿ ನೀವು ಬರೆದು ಕಳುಹಿಸಿದ ಎರಡು ಸಾಲುಗಳನ್ನೂ ಓದಿದೆ. ಮೊದಲನೆಯದು, “40 ಡೆಸಿಬಲ್ ನಾಯ್ಸ್ ಕ್ಯಾನ್ಸಲೇಷನ್, ನಾಲ್ಕು ಮೈಕ್, 30 ಗಂಟೆ ಬ್ಯಾಟರಿ.” ಎರಡನೆಯದು, “ಗದ್ದಲದ ಲೋಕದಲ್ಲಿ ನಿಮ್ಮದೇ ಮೌನ.” ಮೊದಲನೆಯದು ಬರೀ ಫೀಚರ್ ಹೇಳುತ್ತದೆ, ಎರಡನೆಯದು ಪ್ರಯೋಜನ ಹೇಳುತ್ತದೆ, ಆದ್ದರಿಂದ ಎರಡನೆಯದೇ ಮೇಲು ಎಂದು ನೀವು ವಾದಿಸಿದ್ದೀರಿ. ನನಗೆ ಹಾಗೆ ಅನ್ನಿಸುವುದಿಲ್ಲ. ಆ ಸಾಲನ್ನು ಒಂದಕ್ಷರವೂ ಬದಲಿಸದೆ ರೆಸಾರ್ಟಿಗೋ ಧ್ಯಾನ ಶಿಬಿರಕ್ಕೋ ಬಳಸಿಬಿಡಬಹುದು. ಅದಕ್ಕಿಂತ ಮುಖ್ಯವಾಗಿ, ಅದು ನಿಜವಲ್ಲ.

ಈ ಇಯರ್‌ಫೋನ್ ಮಾಡುವ ಕೆಲಸವನ್ನು ಸರಿಯಾಗಿ ನೋಡಿ. ಹೊರಗಿನ ಸದ್ದನ್ನು ಮೈಕ್ ಹಿಡಿಯುತ್ತದೆ, ಒಳಗಿನ ಚಿಪ್ ಅದಕ್ಕೆ ತದ್ವಿರುದ್ಧವಾದ ಅಲೆಯೊಂದನ್ನು ಸೃಷ್ಟಿಸುತ್ತದೆ, ಕಿವಿಯೊಳಗೆ ಎರಡೂ ಸೇರಿದಾಗ ಸದ್ದು ತಗ್ಗುತ್ತದೆ. ಎಡೆಬಿಡದೆ ಒಂದೇ ಸಮನೆ ಮೊರೆಯುವ ತಗ್ಗು ಸ್ವರದ ಸದ್ದಿನ ಮೇಲೆ, ಅಂದರೆ ವಿಮಾನದ, ಬಸ್ಸಿನ ಎಂಜಿನ್ ಅಥವಾ ಎಸಿಯ ಸದ್ದಿನ ಮೇಲೆ, ಈ ಉಪಾಯ ಚೆನ್ನಾಗಿ ಫಲಿಸುತ್ತದೆ. ಥಟ್ಟನೆ ಬಾರಿಸುವ ಹಾರ್ನ್ ಮತ್ತು ಪಕ್ಕದವರ ಮಾತಿನ ಮೇಲೆ ಅಷ್ಟಾಗಿ ನಡೆಯುವುದಿಲ್ಲ. ಅವು ಒಂದಿಷ್ಟು ತಗ್ಗುವುದು ಬಹುಪಾಲು ಕಿವಿಯನ್ನು ಮುಚ್ಚುವ ಸಿಲಿಕೋನ್ ತುದಿಯಿಂದ. ಆ ತುದಿ ಸಡಿಲವಾಗಿದ್ದರೆ ಎಂಜಿನ್ ಸದ್ದೂ ನುಗ್ಗಿಬರುತ್ತದೆ. ಹೀಗಿರುವಾಗ ‘ಮೌನ’ದ ಭರವಸೆ ಕೊಟ್ಟರೆ, ಕೊಂಡವನು ಮೊದಲ ಸಿಗ್ನಲ್‌ನಲ್ಲೇ ನಿಮ್ಮನ್ನು ಬೈದುಕೊಳ್ಳುತ್ತಾನೆ.

ಹಾಗೆಂದು ‘40 ಡೆಸಿಬಲ್’ ಎಂದರೂ ಓದುಗನ ಕಿವಿಗೆ ಏನೂ ಕೇಳಿಸುವುದಿಲ್ಲ. ಎಷ್ಟೋ ಸಲ ಅದು ಯಾವುದೋ ಒಂದು ಸ್ವರಮಟ್ಟದಲ್ಲಿ ಪ್ರಯೋಗಾಲಯದಲ್ಲಿ ಸಿಕ್ಕ ಗರಿಷ್ಠ ಅಂಕಿ, ಎಲ್ಲ ಸದ್ದಿಗೂ ಅನ್ವಯಿಸುವಂಥದ್ದಲ್ಲ. ಆದ್ದರಿಂದ ಫೀಚರಿನಿಂದ ಹೊರಟು, “ಇದರಿಂದ ಏನಾಗುತ್ತದೆ?” ಎಂದು ಕೇಳುತ್ತ ಹೋಗಿ. ಎಂಜಿನ್ ಮೊರೆತ ತಗ್ಗುತ್ತದೆ. ಅದರಿಂದ? ಆ ಮೊರೆತವನ್ನು ಮೀರಿಸಲು ಹಾಡಿನ ವಾಲ್ಯೂಮ್ ಏರಿಸಬೇಕಾಗಿಲ್ಲ. ಅದರಿಂದ? ಮನಸ್ಸಿಗೆ ನೆಮ್ಮದಿ. ಈ ಮೂರನೆಯ ಉತ್ತರಕ್ಕೆ ಬಂದೊಡನೆ ಇಯರ್‌ಫೋನ್ ಕಣ್ಮರೆಯಾಯಿತು, ಗಮನಿಸಿದಿರಾ? ನಿಲ್ಲಬೇಕಾದದ್ದು ಎರಡನೆಯದರಲ್ಲಿ. ಎಂಜಿನ್ ಹಿಂಬದಿಗಿರುವ ರಾತ್ರಿ ಬಸ್ಸಿನಲ್ಲಿ ಬೆಂಗಳೂರಿನಿಂದ ಊರಿಗೆ ಹೊರಟು, ಕೊನೇ ಸಾಲಿನ ಸೀಟು ಸಿಕ್ಕವರಿಗೆ ಆ ಮೊರೆತ ಎಂಥದೆಂದು ಯಾರೂ ವಿವರಿಸಬೇಕಿಲ್ಲ. ನಾನಾದರೆ ಹೀಗೆ ಬರೆಯುತ್ತಿದ್ದೆ: “ರಾತ್ರಿ ಬಸ್ಸಿನ ಕೊನೇ ಸೀಟಿನಲ್ಲೂ ವಾಲ್ಯೂಮ್ ಏರಿಸಬೇಕಿಲ್ಲ.” ಅದರ ಕೆಳಗೆ ಸಣ್ಣಕ್ಷರದಲ್ಲಿ: “ಎಂಜಿನ್ ಮೊರೆತವನ್ನು ಮೈಕ್ ಹಿಡಿಯುತ್ತದೆ, ಇಯರ್‌ಫೋನ್ ತಗ್ಗಿಸುತ್ತದೆ.” ಮೇಲಿನ ಸಾಲನ್ನು ನಂಬಲು ಬೇಕಾದ ಕಾರಣವನ್ನು ಕೆಳಗಿನ ಫೀಚರ್ ಒದಗಿಸುತ್ತದೆ, ಎರಡಕ್ಕೂ ಜಗಳವೇ ಇಲ್ಲ. ಬರೆಯುವ ಮುನ್ನ ಇಯರ್‌ಫೋನ್ ಹಾಕಿಕೊಂಡು ಅಂಥ ಸೀಟಿನಲ್ಲೇ ಕುಳಿತು, ಬಟನ್ ಒತ್ತಿ ಆನ್, ಆಫ್ ಮಾಡಿ ಕೇಳಿ. ವ್ಯತ್ಯಾಸ ಗೊತ್ತಾಗದಿದ್ದರೆ ಈ ಸಾಲನ್ನೂ ಕೈಬಿಡಬೇಕು.

ನಾಲ್ಕು ಮೈಕ್‌ಗಳ ವಿಷಯದಲ್ಲಿ ನೀವು ಬಹಳ ಮಂದಿ ಎಡವುವ ಕಡೆಯೇ ಎಡವಿದ್ದೀರಿ. “ನಾಲ್ಕು ಮೈಕ್, ಕರೆಯಲ್ಲಿ ಗದ್ದಲ ಕೇಳಿಸದು” ಎಂದು ಒಳಪುಟದಲ್ಲಿ ಬರೆದಿದ್ದೀರಲ್ಲ, ಕೇಳಿಸದಿರುವುದು ಯಾರಿಗೆ? ಪೆಟ್ಟಿಗೆಯ ಮೇಲೆ ಇಎನ್‌ಸಿ ಎಂದು ನಮೂದಿಸಿರುವ ಗುಣ, ನೀವು ಮಾತನಾಡುವಾಗ ನಿಮ್ಮ ಸುತ್ತಲಿನ ಸದ್ದನ್ನು ಸೋಸಿ, ಆಚೆ ಬದಿಯವರಿಗೆ ನಿಮ್ಮ ದನಿಯನ್ನು ಸ್ಪಷ್ಟವಾಗಿ ತಲುಪಿಸುವಂಥದ್ದು. ನಿಮ್ಮ ಕಿವಿಗೆ ಸದ್ದು ತಗ್ಗಿಸುವುದು ಎಎನ್‌ಸಿ. ಎರಡೂ ಬೇರೆ ಬೇರೆ, ಪ್ರಯೋಜನ ಪಡೆಯುವವರೂ ಬೇರೆ. ಇಎನ್‌ಸಿ ಮಾತ್ರ ಇರುವ ಅಗ್ಗದ ಇಯರ್‌ಫೋನನ್ನು ಎಎನ್‌ಸಿ ಎಂದು ಭಾವಿಸಿ ಕೊಂಡು ಪೇಚಾಡಿದವರು ಸಾಕಷ್ಟಿದ್ದಾರೆ. ಕರೆಯ ಸಾಲನ್ನು “ನೀವು ಬಸ್ ನಿಲ್ದಾಣದಿಂದ ಮಾತಾಡಿದರೂ ಅಮ್ಮ ‘ಏನಂದೆ?’ ಎಂದು ಮತ್ತೆ ಮತ್ತೆ ಕೇಳುವುದಿಲ್ಲ” ಎಂದು ತಿರುಗಿಸಿದರೆ ಗೊಂದಲಕ್ಕೆ ಆಸ್ಪದವಿರುವುದಿಲ್ಲ.

ಇನ್ನು, ಫೀಚರ್ ಮೊದಲು ಬರಬೇಕಾದ ಜಾಗವೂ ಇದೆ. ಶಾಪಿಂಗ್ ಆ್ಯಪ್‌ನಲ್ಲಿ ನಾಲ್ಕಾರು ಇಯರ್‌ಫೋನ್‌ಗಳನ್ನು ಪಕ್ಕಪಕ್ಕದಲ್ಲಿಟ್ಟು ಹೋಲಿಸುತ್ತಿರುವವನು ಕೊಳ್ಳಬೇಕೆಂದು ಆಗಲೇ ನಿರ್ಧರಿಸಿದ್ದಾನೆ. ಅವನಿಗೆ ಬಸ್ಸಿನ ಕಥೆ ಬೇಡ, ಅಂಕಿ ಬೇಕು. ಅಲ್ಲಿ ನಿಮ್ಮ ಮೊದಲ ಸಾಲೇ ಸರಿ, ಆದರೆ ಅಂಕಿ ಪೂರ್ತಿಯಾಗಿರಲಿ. ಆ 30 ಗಂಟೆ ಎಎನ್‌ಸಿ ಆಫ್ ಇದ್ದಾಗಿನ ಲೆಕ್ಕವೇ, ಕೇಸಿನ ಚಾರ್ಜನ್ನೂ ಸೇರಿಸಿದ ಲೆಕ್ಕವೇ? ಎಎನ್‌ಸಿ ಆನ್ ಆದರೆ ಬ್ಯಾಟರಿ ಬೇಗ ಮುಗಿಯುತ್ತದೆ. ರಾತ್ರಿ ಬಸ್ಸಿನ ಮಾತಾಡಿದ ಮೇಲೆ, ಒಂದೇ ಚಾರ್ಜಿನಲ್ಲಿ ಎಎನ್‌ಸಿ ಆನ್ ಇಟ್ಟುಕೊಂಡು ಎಷ್ಟು ಗಂಟೆ ಕೇಳಬಹುದೆಂಬುದನ್ನೇ ಹೇಳಬೇಕಾಗುತ್ತದೆ. ಕಂಪನಿಯಿಂದ ಆ ಅಂಕಿಯನ್ನು ತರಿಸಿಕೊಳ್ಳಿ, ಆಮೇಲೆ ಹೊಸ ಕರಡು ಕಳುಹಿಸಿ.

ಇಂತಿ ನಿಮ್ಮ ಹಿತೈಷಿ