ತೂಕ ಇಳಿಸಲು ಶೇಕಡಾವಾರು ಸೂತ್ರ ಸಾಲದು, ಗ್ರಾಂ ಲೆಕ್ಕ ಬೇಕು

ಮಾನ್ಯ ಸಂಪಾದಕರೇ,

ತೂಕ ಇಳಿಸುವ ಕುರಿತು ಆರೋಗ್ಯ ಪುಟಗಳಲ್ಲಿ ಬರುವ ಬರಹಗಳು ಆಹಾರವನ್ನು ಶೇಕಡಾವಾರು ಹಂಚಿ ತೋರಿಸುವುದೇ ಹೆಚ್ಚು: ಕಾರ್ಬೋಹೈಡ್ರೇಟ್ ಶೇ 50, ಕೊಬ್ಬು ಶೇ 30, ಪ್ರೋಟೀನ್ ಶೇ 20. ತೂಕ ಏರಿಳಿಯದೆ ಇರುವವರಿಗೆ ಇದರಿಂದ ತೊಂದರೆಯಿಲ್ಲ. ಆದರೆ ಸ್ನಾಯು ಉಳಿಸಿಕೊಂಡು ಕೊಬ್ಬನ್ನಷ್ಟೇ ಕರಗಿಸಬೇಕೆನ್ನುವ ಮಹಿಳೆಗೆ ಇದೇ ಸೂತ್ರ ಕೈಕೊಡುತ್ತದೆ. ಸ್ನಾಯುವಿಗೆ ಬೇಕಾದ ಪ್ರೋಟೀನ್ ದೇಹದ ತೂಕವನ್ನು ಅವಲಂಬಿಸಿದೆ, ಆ ದಿನ ತಿಂದ ಕ್ಯಾಲರಿಯನ್ನಲ್ಲ. ಶೇ 20ರ ಲೆಕ್ಕದಲ್ಲಿ 2,150 ಕ್ಯಾಲರಿ ತಿನ್ನುವಾಗ ಸುಮಾರು 107 ಗ್ರಾಂ ಪ್ರೋಟೀನ್ ಸಿಗುತ್ತದೆ. ಊಟ ಕಡಿಮೆ ಮಾಡಿ 1,750ಕ್ಕೆ ಇಳಿದರೆ ಅದು 87 ಗ್ರಾಂ, 1,400ಕ್ಕೆ ಇಳಿದರೆ 70 ಗ್ರಾಂ. ಕ್ಯಾಲರಿ ಕೊರತೆಯಾದಾಗ ದೇಹವು ಸ್ನಾಯುವಿನ ಪ್ರೋಟೀನನ್ನೂ ಇಂಧನವಾಗಿ ಬಳಸತೊಡಗುತ್ತದೆ, ಆದ್ದರಿಂದ ಪ್ರೋಟೀನ್ ಹೆಚ್ಚು ಬೇಕಾಗುವುದು ಆಗಲೇ. ಈ ಸೂತ್ರ ಅದನ್ನು ಕಡಿಮೆ ಮಾಡುವುದೂ ಆಗಲೇ.

ಲೆಕ್ಕದ ಸರಿಯಾದ ಕ್ರಮವನ್ನು ಒಂದು ಉದಾಹರಣೆಯಲ್ಲಿ ನೋಡಬಹುದು. 35 ವರ್ಷ, 162 ಸೆಂ.ಮೀ. ಎತ್ತರ, 72 ಕೆ.ಜಿ. ತೂಕದ ಮಹಿಳೆ, ವಾರಕ್ಕೆ ನಾಲ್ಕು ದಿನ ವ್ಯಾಯಾಮ, ಉಳಿದ ದಿನ ಸಾಕಷ್ಟು ಓಡಾಟ. ವಿಶ್ರಾಂತಿಯಲ್ಲಿ ದೇಹ ಖರ್ಚು ಮಾಡುವ ಕ್ಯಾಲರಿಗೆ ಮಿಫ್ಲಿನ್–ಸೇಂಟ್ ಜಿಯೋರ್ ಸೂತ್ರ ಬಳಸಬಹುದು. ತೂಕವನ್ನು 10ರಿಂದ, ಎತ್ತರವನ್ನು 6.25ರಿಂದ ಗುಣಿಸಿ ಕೂಡಿಸಬೇಕು. ಅದರಿಂದ ವಯಸ್ಸಿನ ಐದು ಪಟ್ಟನ್ನೂ, ಮಹಿಳೆಯರಿಗಾದರೆ ಇನ್ನೂ 161ನ್ನೂ ಕಳೆಯಬೇಕು. ಇವರಿಗೆ ಸುಮಾರು 1,400 ಬರುತ್ತದೆ. ಮಧ್ಯಮ ಚಟುವಟಿಕೆಗೆ ಅದನ್ನು 1.55ರಿಂದ ಗುಣಿಸಿದರೆ ದಿನದ ಖರ್ಚು ಸುಮಾರು 2,150. ಇದರಲ್ಲಿ 400 ಬಿಟ್ಟರೆ ತಿನ್ನಬೇಕಾದದ್ದು 1,750 ಕ್ಯಾಲರಿ. ಕಾಗದದ ಮೇಲೆ ಇದು ವಾರಕ್ಕೆ 350 ಗ್ರಾಂಗಿಂತ ತುಸು ಹೆಚ್ಚಿನ ಇಳಿಕೆ. ಇದು ನಿಧಾನವೆಂದು ಹಲವರಿಗೆ ಬೇಸರವಾಗುತ್ತದೆ. ಆದರೆ ಕೊರತೆ ದೊಡ್ಡದಾದಷ್ಟೂ ಇಳಿದ ತೂಕದಲ್ಲಿ ಸ್ನಾಯುವಿನ ಪಾಲು ಹೆಚ್ಚುವ ಅಪಾಯವಿದೆ. ವಾರಕ್ಕೆ ದೇಹತೂಕದ ಶೇ 0.5ರಷ್ಟು ಇಳಿದರೆ ಸಾಕು ಎಂಬುದು ನನ್ನ ನಿಲುವು.

ಕ್ಯಾಲರಿ ತೀರ್ಮಾನವಾದ ಮೇಲೆ ಮೊದಲು ಪ್ರೋಟೀನ್. ಶಕ್ತಿ ವ್ಯಾಯಾಮ ಮಾಡುತ್ತಾ ತೂಕ ಇಳಿಸುವವರಿಗೆ ಪ್ರತಿ ಕೆ.ಜಿ.ಗೆ 1.6ರಿಂದ 2.2 ಗ್ರಾಂ ಸೂಕ್ತ. ದೇಹದಲ್ಲಿ ಕೊಬ್ಬು ಹೆಚ್ಚಿದ್ದರೆ ಈಗಿನ ತೂಕದ ಬದಲು ತಲುಪಬೇಕಾದ ತೂಕವನ್ನು ಹಿಡಿಯುವುದು ವಾಸಿ, ಏಕೆಂದರೆ ಕೊಬ್ಬಿನ ಅಂಗಾಂಶಕ್ಕೆ ಅಷ್ಟು ಪ್ರೋಟೀನ್ ಬೇಡ. ಇವರ ಗುರಿ 62 ಕೆ.ಜಿ. ಎಂದಾದರೆ ಕೆ.ಜಿ.ಗೆ 2 ಗ್ರಾಂನಂತೆ 124, ಅಂದರೆ ಹೆಚ್ಚುಕಡಿಮೆ 120 ಗ್ರಾಂ. ಅದನ್ನು ನಾಲ್ಕು ಹೊತ್ತಿಗೆ ಮೂವತ್ತು ಮೂವತ್ತರಂತೆ ಹಂಚಿಕೊಂಡರೆ ತಿನ್ನುವುದು ಸುಲಭ. ಇಲ್ಲಿ ಒಂದು ಗೊಂದಲ ಸಾಮಾನ್ಯ. 120 ಗ್ರಾಂ ಎಂಬುದು ಆಹಾರದ ತೂಕವಲ್ಲ, ಅದರೊಳಗಿನ ಪ್ರೋಟೀನಿನ ತೂಕ. ಸುಮಾರು 50 ಗ್ರಾಂ ತೂಗುವ ಒಂದು ಮೊಟ್ಟೆಯಲ್ಲಿ ಇರುವುದು 6 ಗ್ರಾಂ ಮಾತ್ರ.

ಆಮೇಲೆ ಕೊಬ್ಬು. ಇದಕ್ಕೊಂದು ಕನಿಷ್ಠ ಮಿತಿ ಬೇಕು. ಅತ್ಯಗತ್ಯ ಕೊಬ್ಬಿನಾಮ್ಲಗಳಿಗೂ ಎ, ಡಿ, ಇ, ಕೆ ಜೀವಸತ್ವಗಳು ಹೀರಿಕೆಯಾಗುವುದಕ್ಕೂ ಅದು ಬೇಕೇ ಬೇಕು. ಈಗಿನ ತೂಕದ ಪ್ರತಿ ಕೆ.ಜಿ.ಗೆ 0.8 ಗ್ರಾಂ ಎಂದರೆ ಇವರಿಗೆ 58, 60 ಎಂದಿಟ್ಟುಕೊಳ್ಳೋಣ. ಪ್ರೋಟೀನ್ ಗ್ರಾಂಗೆ 4 ಕ್ಯಾಲರಿಯಂತೆ 480, ಕೊಬ್ಬು ಗ್ರಾಂಗೆ 9ರಂತೆ 540. ಎರಡೂ ಸೇರಿ 1,020 ಆಯಿತು. 1,750ರಲ್ಲಿ ಉಳಿದದ್ದು 730. ಅದನ್ನು 4ರಿಂದ ಭಾಗಿಸಿದರೆ ಸುಮಾರು 180 ಗ್ರಾಂ ಕಾರ್ಬೋಹೈಡ್ರೇಟ್. ಕಾರ್ಬೋಹೈಡ್ರೇಟ್ ಕೊನೆಗೆ ಬಂದದ್ದು ಅದು ಕೆಟ್ಟದ್ದೆಂದಲ್ಲ. ಭಾರ ಎತ್ತುವಾಗ ಸ್ನಾಯುಗಳ ಮುಖ್ಯ ಇಂಧನ ಅದೇ. ಆದರೆ ಅದಕ್ಕೆ ಉಳಿದೆರಡರಂತೆ ಕಟ್ಟುನಿಟ್ಟಿನ ಮಿತಿಯಿಲ್ಲ, ಹೆಚ್ಚುಕಡಿಮೆ ಮಾಡಲು ಜಾಗವಿರುವುದು ಅಲ್ಲಿಯೇ.

ಲೆಕ್ಕ ಸರಿಯಿದ್ದೂ ತೂಕ ಇಳಿಯದಿದ್ದರೆ ಮೊದಲು ನೋಡಬೇಕಾದದ್ದು ಅಡುಗೆ ಎಣ್ಣೆಯನ್ನು. ಒಂದು ದೊಡ್ಡ ಚಮಚ ಎಣ್ಣೆಯಲ್ಲಿ ಸುಮಾರು 13 ಗ್ರಾಂ ಕೊಬ್ಬು, 120 ಕ್ಯಾಲರಿ. ಅಂದಾಜಿನ ಮೇಲೆ ಸುರಿದು ಲೆಕ್ಕಕ್ಕೆ ಬರೆಯದ ಎರಡು ಚಮಚ, 400ರ ಕೊರತೆಯಲ್ಲಿ ಅರ್ಧಕ್ಕಿಂತ ಹೆಚ್ಚನ್ನು ನುಂಗಿಬಿಡುತ್ತದೆ. ಎರಡನೆಯದು, ಕೈಗಡಿಯಾರ ತೋರಿಸುವ ವ್ಯಾಯಾಮದ ಕ್ಯಾಲರಿಯನ್ನು ಮತ್ತೆ ತಿನ್ನುವುದು. 1.55ರಿಂದ ಗುಣಿಸಿದಾಗಲೇ ಆ ವ್ಯಾಯಾಮ ಲೆಕ್ಕಕ್ಕೆ ಬಂದಿರುತ್ತದೆ. ಪುನಃ ತಿಂದರೆ ಒಂದೇ ಖರ್ಚನ್ನು ಎರಡು ಸಲ ಎಣಿಸಿದಂತೆ. ಧಾನ್ಯವನ್ನು ಬೇಯಿಸಿದ ಮೇಲೆ ತೂಗಿ, ಹಸಿ ಧಾನ್ಯದ ಅಂಕಿಯನ್ನು ಬರೆದುಕೊಳ್ಳುವವರೂ ಇದ್ದಾರೆ. ಅವರು ತಮಗೇ ತಿಳಿಯದೆ ತೀರಾ ಕಡಿಮೆ ತಿನ್ನುತ್ತಿರುತ್ತಾರೆ.

ಅಂಕಿಗಳನ್ನು ಬದಲಿಸುವ ಮುನ್ನ ನಾಲ್ಕು ವಾರ ಕಾಯಬೇಕೆಂದು ಒತ್ತಿ ಹೇಳುತ್ತೇನೆ. ಮುಟ್ಟಿಗೆ ಮುಂಚಿನ ದಿನಗಳಲ್ಲಿ ದೇಹ ನೀರು ಹಿಡಿದಿಟ್ಟುಕೊಳ್ಳುವುದರಿಂದ ಹಲವರಲ್ಲಿ ಒಂದೆರಡು ಕೆ.ಜಿ. ಏರುತ್ತದೆ. ಎರಡು ಮೂರು ವಾರ ಕರಗಿದ ಕೊಬ್ಬನ್ನು ಆ ನೀರು ಮುಚ್ಚಿಹಾಕಬಲ್ಲದು. ಆಗ ಗಾಬರಿಯಾಗಿ ಊಟವನ್ನು ಇನ್ನೂ ಕಡಿತ ಮಾಡುವುದೇ ಅನೇಕರು ಎಡವುವ ಜಾಗ. ಬೆಳಿಗ್ಗೆ ಶೌಚದ ನಂತರ, ಏನೂ ತಿನ್ನುವ ಮುನ್ನ ದಿನವೂ ತೂಗಿ ವಾರದ ಸರಾಸರಿ ತೆಗೆಯಬೇಕು. ಆ ಸರಾಸರಿಯನ್ನು ಹಿಂದಿನ ವಾರದ ಜೊತೆಗಲ್ಲ, ಹಿಂದಿನ ಋತುಚಕ್ರದ ಅದೇ ವಾರದ ಜೊತೆ ಹೋಲಿಸಬೇಕು. ಹೊಕ್ಕುಳ ಮಟ್ಟದಲ್ಲಿ ಸುತ್ತಳತೆಯನ್ನೂ ಬರೆದಿಡಬೇಕು. ಇಷ್ಟಾದರೂ ಎರಡೂ ಕದಲದಿದ್ದರೆ, ಇವರ ನಿಜವಾದ ಖರ್ಚು 2,150ಕ್ಕಿಂತ ಕಡಿಮೆ ಎಂದರ್ಥ. ದಿನವಿಡೀ ಕುಳಿತು ಕೆಲಸ ಮಾಡಿ ಒಂದು ಗಂಟೆ ವ್ಯಾಯಾಮ ಮಾಡುವವರಿಗೆ 1.55 ಹೆಚ್ಚಾಗುವುದುಂಟು. ಆಗ ಕಾರ್ಬೋಹೈಡ್ರೇಟಿನಲ್ಲಿ 25 ಗ್ರಾಂ, ಅಂದರೆ 100 ಕ್ಯಾಲರಿ ಕಡಿಮೆ ಮಾಡಿ ಮತ್ತೊಂದು ಚಕ್ರ ನೋಡಬೇಕು. ಪ್ರೋಟೀನಿಗೆ ಕೈ ಹಚ್ಚಬಾರದು.

ಸ್ನಾಯು ಉಳಿದಿದೆಯೇ ಎಂಬುದನ್ನು ತೂಕದ ಯಂತ್ರ ಹೇಳದು. ಎತ್ತುವ ಭಾರ ಹೇಳುತ್ತದೆ. ಮೊದಲು ಹತ್ತು ಸಲ ಎತ್ತುತ್ತಿದ್ದ ಭಾರವನ್ನು ಈಗಲೂ ಹತ್ತು ಸಲ ಎತ್ತಲಾಗುತ್ತಿದ್ದು, ಸುತ್ತಳತೆ ಇಳಿಯುತ್ತಿದ್ದರೆ ಹೋಗುತ್ತಿರುವುದು ಬಹುಪಾಲು ಕೊಬ್ಬೇ. ತೂಕ ಬೇಗ ಇಳಿದು, ಭಾರವೂ ವಾರದಿಂದ ವಾರಕ್ಕೆ ಕುಗ್ಗಿ, ಸುತ್ತಳತೆ ಅಲ್ಲಿಯೇ ನಿಂತಿದ್ದರೆ ಕೊರತೆ ಅತಿಯಾಗಿದೆ. 100ರಿಂದ 200 ಕ್ಯಾಲರಿ ಮರಳಿ ಸೇರಿಸಬೇಕು. ವಾರಕ್ಕೆ ಎರಡು ಮೂರು ದಿನವಾದರೂ ಶಕ್ತಿ ವ್ಯಾಯಾಮ ಇಲ್ಲದೆ ಹೋದರೆ, ಬರೀ 120 ಗ್ರಾಂ ಪ್ರೋಟೀನ್ ಸ್ನಾಯುವನ್ನು ಪೂರ್ತಿ ಕಾಪಾಡಲಾರದು.

ಮುಟ್ಟು ತಪ್ಪತೊಡಗಿದರೆ ಅದನ್ನು ಡಯಟ್ಟಿನ ಸಹಜ ಪರಿಣಾಮವೆಂದು ಎಂದಿಗೂ ತಳ್ಳಿಹಾಕಬಾರದು. ಕಡಿತ ನಿಲ್ಲಿಸಿ ವೈದ್ಯರನ್ನು ಕಾಣಬೇಕು. ಗರ್ಭಿಣಿಯರು, ಹಾಲುಣಿಸುವವರು ಮತ್ತು ಮೂತ್ರಪಿಂಡದ ಕಾಯಿಲೆಯಿರುವವರಿಗೆ ಮೇಲಿನ ಅಂಕಿಗಳು ಅನ್ವಯಿಸುವುದಿಲ್ಲ. ಇಂಥ ಲೇಖನಗಳನ್ನು ಪ್ರಕಟಿಸುವಾಗ ಶೇಕಡಾವಾರು ಚಿತ್ರದ ಬದಲು ದೇಹತೂಕಕ್ಕೆ ತಕ್ಕ ಗ್ರಾಂ ಲೆಕ್ಕವನ್ನೂ, ಯಾರಿಗೆ ಅದು ಸಲ್ಲದು ಎಂಬುದನ್ನೂ ಒಟ್ಟಿಗೆ ಕೊಡಬೇಕೆಂದು ಕೋರುತ್ತೇನೆ.

ಇತಿ,
ಓರ್ವ ಆಹಾರತಜ್ಞೆ