ವೈನಿಯ ಥೈರಾಯ್ಡ್ ಸ್ಕ್ಯಾನ್ ಬಗ್ಗೆ ಮಲ್ಲುಗೆ ಒಂದು ಪತ್ರ

ಮಲ್ಲು,

ನಿನ್ನೆ ರಾತ್ರಿ ಯಾದಗಿರಿಯಿಂದ ನೀನು ಕಳಿಸಿದ ರಿಪೋರ್ಟಿನ ಫೋಟೋಗಳು ಸಿಕ್ಕವು. ಫೋನಿನಲ್ಲಿ ನಿನ್ನ ದನಿ ಕೇಳಿಯೇ ಗೊತ್ತಾಯ್ತು, ‘ಹಾಟ್ ನಾಡ್ಯೂಲ್’ ಅನ್ನೋ ಮಾತಿಗೆ ನೀನು ಪೂರಾ ಹೆದರಿದ್ದೀಯ. "ಬಲಗಡೆ ಗಂಟು ಹಾಟ್ ಅಂತ ಬಂದಿದೆ, ಕ್ಯಾನ್ಸರ್ ಇರಬೇಕು, ಎಡಗಡೆದು ಕೋಲ್ಡ್, ಅದರದೇನು ಚಿಂತೆಯಿಲ್ಲ" ಅಂದೆ. ದೋಸ್ತ, ನೀನು ತಿರುವುಮುರುವು ಓದಿದ್ದೀಯ. ಹೈದರಾಬಾದಿನಲ್ಲಿ ಎಂಟು ವರ್ಷ ಇದೇ ಸ್ಕ್ಯಾನ್ ಮಾಡುವ ಕೆಲಸ ಮಾಡಿದ್ದೇನೆ, ಹತ್ತರಲ್ಲಿ ಆರು ಜನ ಹೀಗೇ ಓದುತ್ತಿದ್ದರು. ಬೇರೆಯವರಿಗೂ ಉಪಯೋಗ ಆಗಲಿ, ಎಲ್ಲರಿಗೂ ಕಾಣುವ ಹಾಗೆ ಹಾಕು ಅಂತ ನೀನೇ ಹೇಳಿದ್ದಕ್ಕೆ ಇಲ್ಲಿ ಬರೆಯುತ್ತಿದ್ದೇನೆ.

ಇಲ್ಲಿ ಬಿಸಿ, ತಂಪು ಅಂದರೆ ಜ್ವರದ ಬಿಸಿಯಲ್ಲ, ಮುಟ್ಟಿದರೆ ತಿಳಿಯುವ ತಂಪೂ ಅಲ್ಲ. ವೈನಿಯ ನರಕ್ಕೆ ಒಂದು ಇಂಜೆಕ್ಷನ್ ಕೊಟ್ಟರಲ್ಲ, ಅದು ಟೆಕ್ನೀಷಿಯಂ. ತುಸು ವಿಕಿರಣ ಬಿಡುವ ವಸ್ತು, ಆರು ತಾಸಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. ಥೈರಾಯ್ಡ್‌ಗೆ ಹಾರ್ಮೋನ್ ಮಾಡಲು ಅಯೋಡಿನ್ ಬೇಕು, ಹಾಗಾಗಿ ರಕ್ತದಿಂದ ಅದನ್ನು ಎಳೆದುಕೊಳ್ಳುವ ಪಂಪ್ ಅದರ ಜೀವಕೋಶಗಳಲ್ಲಿದೆ. ಆ ಪಂಪಿಗೆ ಟೆಕ್ನೀಷಿಯಂ ಕೂಡ ಅಯೋಡಿನ್ ತರಹವೇ ಕಾಣುತ್ತದೆ, ಮೋಸ ಹೋಗಿ ಎಳೆದುಕೊಳ್ಳುತ್ತದೆ. ಸುಮಾರು 20 ನಿಮಿಷ ಬಿಟ್ಟು, ಹೆಗಲ ಕೆಳಗೆ ದಿಂಬಿಟ್ಟು, ಕುತ್ತಿಗೆ ಹಿಂದಕ್ಕೆ ಚಾಚಿಸಿ, ಮೇಲಿಂದ ಕ್ಯಾಮೆರಾದಲ್ಲಿ ಚಿತ್ರ ತೆಗೆಯುತ್ತಾರೆ. ನಡುವೆ ವೈನಿಗೆ ನೀರು ಕುಡಿಸಿದ್ದೂ ಸುಮ್ನೆ ಅಲ್ಲ. ಉಗುಳಿನಲ್ಲೂ ಈ ವಸ್ತು ಬರುತ್ತದೆ, ಗಂಟಲಲ್ಲಿ ನಿಂತರೆ ಚಿತ್ರದಲ್ಲಿ ಗಂಟಿನ ಹಾಗೆ ಕಾಣುತ್ತದೆ. ಸುತ್ತಲಿನದಕ್ಕಿಂತ ಜಾಸ್ತಿ ಎಳೆದುಕೊಂಡ ಗಂಟು ಹಾಟ್, ಎಳೆದುಕೊಳ್ಳದ್ದು ಕೋಲ್ಡ್. ಈ ಹೆಸರುಗಳ ಅರ್ಥ ಅಷ್ಟೇ.

ಈಗ ವೈನಿಯದು ನೋಡೋಣ. ಥೈರಾಯ್ಡ್‌ಗೆ ‘ಮಾಡು’ ಅಂತ ಹೇಳುವ ಹಾರ್ಮೋನ್ ಟಿಎಸ್‌ಎಚ್, ಅದು 0.01ಕ್ಕಿಂತ ಕಡಿಮೆ. ಥೈರಾಯ್ಡ್ ತಾನು ಮಾಡುವ ಹಾರ್ಮೋನ್ ಫ್ರೀ ಟಿ4, ಅದು 2.6, ಆ ಲ್ಯಾಬಿನ ಮೇಲಿನ ಮಿತಿ 1.8. ಅಂದರೆ ಥೈರಾಯ್ಡ್ ಜಾಸ್ತಿ ಕೆಲಸ ಮಾಡುತ್ತಿದೆ, ಅದರಲ್ಲಿ ಅನುಮಾನವಿಲ್ಲ. ಬೇಸಿಗೆಯಲ್ಲಿ ವೈನಿ ಬೆವರುತ್ತಿದ್ದಾಗ ಯಾರಿಗೂ ಗೊತ್ತಾಗಲಿಲ್ಲ, ಮೇ ತಿಂಗಳಲ್ಲಿ ನಮ್ಮ ಕಡೆ ಯಾರು ಬೆವರುವುದಿಲ್ಲ ಹೇಳು. ರೊಟ್ಟಿ ಬಡಿಯುವಾಗ ಕೈ ನಡುಗುತ್ತದೆ ಅಂತ ಅವರೇ ಹೇಳಿದ ಮೇಲೆ ತಾನೇ ನೀವು ರಕ್ತ ಪರೀಕ್ಷೆ ಮಾಡಿಸಿದ್ದು.

ಅಲ್ಟ್ರಾಸೌಂಡಿನಲ್ಲಿ ಎರಡು ಗಂಟು. ಬಲಗಡೆ 3.1 ಸೆಂಟಿಮೀಟರ್, ಎಡಗಡೆ ಕೆಳಗೆ 1.8. ಸ್ಕ್ಯಾನಿನ ಚಿತ್ರದಲ್ಲಿ ಬಲಗಡೆಯ ಗಂಟು ಕಪ್ಪಗೆ ದಟ್ಟವಾಗಿದೆ, ಉಳಿದ ಥೈರಾಯ್ಡ್ ಇದೆಯೋ ಇಲ್ಲವೋ ಅನ್ನುವಷ್ಟು ಮಸುಕು. ನಿಮ್ಮ ಹೊಲದ ಮನೆ ಮೇಲಿನ ನೀರಿನ ಟಾಕಿ ನೆನಪು ಮಾಡಿಕೋ. ಟಾಕಿ ತುಂಬಿದರೆ ಮೋಟಾರ್ ತಾನೇ ಬಂದ್ ಆಗಬೇಕು. ಬಲಗಡೆಯ ಗಂಟು ಆ ಸ್ವಿಚ್ ಕೆಟ್ಟ ಮೋಟಾರ್. ಅದರ ಜೀವಕೋಶಗಳಲ್ಲಿ ಆದ ಒಂದು ಬದಲಾವಣೆಯಿಂದ, ಮೆದುಳಿನ ಕೆಳಗಿನ ಪಿಟ್ಯುಟರಿ ‘ಮಾಡು’ ಅನ್ನದಿದ್ದರೂ ಹಾರ್ಮೋನ್ ಮಾಡುತ್ತಲೇ ಇರುತ್ತದೆ. ರಕ್ತದಲ್ಲಿ ಹಾರ್ಮೋನ್ ತುಂಬಿ ತುಳುಕುವುದನ್ನು ನೋಡಿ ಪಿಟ್ಯುಟರಿ ಟಿಎಸ್‌ಎಚ್ ನಿಲ್ಲಿಸಿಬಿಡುತ್ತದೆ. ಅದರಿಂದ ಮಾತು ಕೇಳುವ ಒಳ್ಳೆಯ ಭಾಗವೆಲ್ಲ ಮಲಗಿಬಿಡುತ್ತದೆ, ಮಾತು ಕೇಳದ ಗಂಟು ಒಂದೇ ಎದ್ದಿರುತ್ತದೆ.

ಅಂದರೆ ವೈನಿಯ ಕೈ ನಡುಗುವುದಕ್ಕೆ, ಎದೆ ಹೊಡೆದುಕೊಳ್ಳುವುದಕ್ಕೆ, ತೂಕ ಇಳಿದದ್ದಕ್ಕೆ ಕಾರಣ ಈ ಹಾಟ್ ಗಂಟು. ಹೀಗೆ ತಾನೇ ಹಾರ್ಮೋನ್ ಮಾಡುವ ಗಂಟಿನಲ್ಲಿ ಕ್ಯಾನ್ಸರ್ ಸಿಗುವುದು ಬಹಳ ಅಪರೂಪ. ಅದಕ್ಕೇ ಟಿಎಸ್‌ಎಚ್ ಕಡಿಮೆ ಇದ್ದು ಗಂಟೂ ಇದ್ದರೆ ಮೊದಲು ಸ್ಕ್ಯಾನ್ ಮಾಡುತ್ತಾರೆ, ಹಾಟ್ ಅಂತ ಬಂದರೆ ಅದಕ್ಕೆ ಸೂಜಿ ಹಾಕಿ ಜೀವಕೋಶ ತೆಗೆದು ನೋಡುವುದಿಲ್ಲ. ಹಾಕಿದರೆ ತೊಂದರೆಯೇ ಜಾಸ್ತಿ. ಇಂಥ ಗಂಟಿನ ಜೀವಕೋಶಗಳು ಸೂಕ್ಷ್ಮದರ್ಶಕದಲ್ಲಿ ಎಷ್ಟೋ ಸಲ ಅನುಮಾನ ಹುಟ್ಟಿಸುವ ಹಾಗೆ ಕಾಣುತ್ತವೆ, ಆಮೇಲೆ ಬೇಡದ ಆಪರೇಷನ್ ತನಕ ಹೋಗುತ್ತದೆ.

ರಿಪೋರ್ಟಿನಲ್ಲಿ ‘ಅಪ್‌ಟೇಕ್ 3.6%’ ಅಂತ ಇದೆ, ಅಂದರೆ ಕೊಟ್ಟ ಟೆಕ್ನೀಷಿಯಂನಲ್ಲಿ ಥೈರಾಯ್ಡ್ ಎಳೆದುಕೊಂಡ ಪಾಲು, ಪಕ್ಕದಲ್ಲಿ ನಾರ್ಮಲ್ 0.4ರಿಂದ 4. ಅದನ್ನು ನೋಡಿ ನೀನು "ಇದು ನಾರ್ಮಲ್ ಇದೆಯಲ್ಲ, ಮತ್ತೆ ಥೈರಾಯ್ಡ್ ಜಾಸ್ತಿ ಹೇಗೆ" ಅಂತ ಕೇಳಿದೆ. ಒಳ್ಳೆ ಪ್ರಶ್ನೆ. ಆ 0.4ರಿಂದ 4 ಅನ್ನುವುದು ಟಿಎಸ್‌ಎಚ್ ಸರಿಯಾಗಿ ಇರುವವರ ಲೆಕ್ಕ. ವೈನಿಗೆ ಟಿಎಸ್‌ಎಚ್ ಹೆಚ್ಚುಕಡಿಮೆ ಸೊನ್ನೆ. ಆರೋಗ್ಯವಾದ ಥೈರಾಯ್ಡ್ ಆಗಿದ್ದರೆ ಟಿಎಸ್‌ಎಚ್ ಇಲ್ಲದಾಗ ಅಪ್‌ಟೇಕ್ ಕೂಡ ಸೊನ್ನೆ ಹತ್ತಿರ ಇಳಿಯಬೇಕಿತ್ತು. ಇಳಿದಿಲ್ಲ, ಒಂದು ಗಂಟೇ 3.6 ಎಳೆದುಕೊಂಡಿದೆ. ಹಾಗಾಗಿ ಈ ನಾರ್ಮಲ್ ಅಂಕಿಯೇ ಇಲ್ಲಿ ನಾರ್ಮಲ್ ಅಲ್ಲ.

ಇನ್ನು ಎಡಗಡೆಯ ಗಂಟು. ನೀನು ಸಮಾಧಾನಪಟ್ಟುಕೊಂಡ ಜಾಗ ಇದೇ, ನಾನು ಸ್ವಲ್ಪ ನಿಂತು ನೋಡುವ ಜಾಗವೂ ಇದೇ. ಕೋಲ್ಡ್ ಗಂಟುಗಳಲ್ಲೂ ಹೆಚ್ಚಿನವು ಕ್ಯಾನ್ಸರ್ ಅಲ್ಲ. ನೀರಿನ ಗುಳ್ಳೆ ಇರಬಹುದು, ಹಳೆಯ ರಕ್ತ ತುಂಬಿದ ಗಂಟಿರಬಹುದು, ಕೆಲಸ ಮಾಡದ ಸಾದಾ ಗಂಟಿರಬಹುದು. ಆದರೆ ಥೈರಾಯ್ಡ್ ಕ್ಯಾನ್ಸರ್ ಸಿಕ್ಕಾಗ ಅದು ಸಾಮಾನ್ಯವಾಗಿ ಕೋಲ್ಡ್ ಗಂಟಿನಲ್ಲೇ ಸಿಗುತ್ತದೆ. ನೂರು ಕೋಲ್ಡ್ ಗಂಟಿನಲ್ಲಿ ಸುಮಾರು 5ರಿಂದ 15 ಅಂತ ಪುಸ್ತಕಗಳು ಹೇಳುತ್ತವೆ. ಥೈರಾಯ್ಡ್ ಜಾಸ್ತಿ ಇರುವವರಿಗೆ ಕ್ಯಾನ್ಸರ್ ಬರುವುದೇ ಇಲ್ಲ ಅನ್ನುವ ಮಾತು ನಮ್ಮ ಕಡೆ ಇದೆ, ಅದನ್ನು ನಂಬಬೇಡ. ಹಾಟ್ ಗಂಟಿನ ನೆಮ್ಮದಿ ಆ ಗಂಟಿಗೆ ಮಾತ್ರ, ಪಕ್ಕದ ಗಂಟಿಗೆ ಹತ್ತುವುದಿಲ್ಲ.

ಇಲ್ಲೊಂದು ತೊಡಕಿದೆ. ವೈನಿಯ ಎಡಗಡೆಯ ಭಾಗವೇ ಪೂರ್ತಿ ಮಲಗಿದೆ ಅಂದೆನಲ್ಲ. ಮಲಗಿದ ಭಾಗದಲ್ಲಿ ಒಳ್ಳೆಯ ಗಂಟೂ ಟೆಕ್ನೀಷಿಯಂ ಎಳೆದುಕೊಳ್ಳುವುದಿಲ್ಲ. ಕರೆಂಟ್ ಹೋದ ಓಣಿಯಲ್ಲಿ ಯಾವ ಮನೆಯ ಬಲ್ಬ್ ಸುಟ್ಟಿದೆ ಅಂತ ಹೇಗೆ ಹೇಳುತ್ತೀಯ? ಹಾಗಾಗಿ ರಿಪೋರ್ಟಿನಲ್ಲಿ ‘ಕೋಲ್ಡ್’ ಅಂತ ಬರೆದಿದ್ದರೂ ಅದು ನಿಜವಾದ ಕೋಲ್ಡೋ, ಮಲಗಿದ್ದೋ ಅಂತ ಈ ಸ್ಕ್ಯಾನ್ ಹೇಳಲಾರದು. ಅದನ್ನು ಹಾಟ್ ಅಲ್ಲ ಅಂತಷ್ಟೇ ತಿಳಿದುಕೊಂಡು, ಮುಂದಿನ ತೀರ್ಮಾನವನ್ನು ಅಲ್ಟ್ರಾಸೌಂಡಿಗೆ ಬಿಡಬೇಕು. ಒಂದು ಸೆಂಟಿಮೀಟರಿಗಿಂತ ಸಣ್ಣ ಗಂಟುಗಳನ್ನಂತೂ ಈ ಕ್ಯಾಮೆರಾ ಎಷ್ಟೋ ಸಲ ನೋಡುವುದೇ ಇಲ್ಲ.

ವೈನಿಯ ಅಲ್ಟ್ರಾಸೌಂಡಿನಲ್ಲಿ ಎಡಗಡೆಯದಕ್ಕೆ ‘ಟೈ-ರಾಡ್ಸ್ 4’ ಅಂತ ಕೊಟ್ಟಿದ್ದಾರೆ. ಗಂಟು ಗಟ್ಟಿಯೋ ನೀರೋ, ಅಂಚು ಹೇಗಿದೆ, ಸುಣ್ಣದ ಚುಕ್ಕೆ ಇದೆಯೋ ಇಲ್ಲವೋ ಅಂತೆಲ್ಲ ನೋಡಿ ಕೊಡುವ ಅಂಕಿ ಅದು. ಆ ಪಟ್ಟಿಯ ಪ್ರಕಾರ 4 ಇದ್ದು ಗಂಟು 1.5 ಸೆಂಟಿಮೀಟರ್ ಅಥವಾ ಜಾಸ್ತಿ ಇದ್ದರೆ ಸೂಜಿ ಪರೀಕ್ಷೆ, ಅಂದರೆ ಎಫ್‌ಎನ್‌ಎಸಿ, ಮಾಡಬೇಕು. ವೈನಿಯದು 1.8. ಸಣ್ಣ ಸೂಜಿ, ರಕ್ತ ತೆಗೆಯುವಾಗಿನಷ್ಟೇ ನೋವು. ಅಲ್ಟ್ರಾಸೌಂಡ್ ಹಿಡಿದು ನೋಡುತ್ತಾ ಸೂಜಿ ಹಾಕಿಸು, ಕೈಯಿಂದ ಮುಟ್ಟಿ ಅಂದಾಜಿನ ಮೇಲೆ ಬೇಡ. ಎರಡು ಗಂಟಿದ್ದಾಗ ಸೂಜಿ ದೊಡ್ಡದಕ್ಕೆ ಹೋಗಿಬಿಡುವುದುಂಟು. ಚೀಟಿಯ ಮೇಲೆ ‘ಎಡಗಡೆ, ಕೆಳಗೆ’ ಅಂತ ಬರೆಸಿಕೊಂಡೇ ಹೋಗು.

ಇದೆಲ್ಲ ಅಯೋಡಿನ್ ಕುಡಿಸುವ ಮೊದಲೇ ಆಗಬೇಕು ಮಲ್ಲು. ಮುಂದಿನ ವಾರ ಔಷಧಿ ಅಯೋಡಿನ್ ಕುಡಿಸುತ್ತಾರೆ ಅಂದೆಯಲ್ಲ, ಅದು ವಿಕಿರಣ ಬಿಡುವ ಅಯೋಡಿನ್ 131. ಹಾಟ್ ಗಂಟಿಗೆ ಅದು ಒಳ್ಳೆಯ ಚಿಕಿತ್ಸೆ. ಎದ್ದಿರುವ ಗಂಟು ಒಂದೇ ಅದನ್ನು ಎಳೆದುಕೊಂಡು ಒಳಗಿಂದ ಸುಟ್ಟುಹೋಗುತ್ತದೆ, ಮಲಗಿದ ಎಡಭಾಗ ಹೆಚ್ಚುಕಡಿಮೆ ಉಳಿದುಕೊಳ್ಳುತ್ತದೆ. ಎರಡು ಮೂರು ತಿಂಗಳಲ್ಲಿ ಹಾರ್ಮೋನ್ ಇಳಿದು ಟಿಎಸ್‌ಎಚ್ ಏರಿದಾಗ ಅದು ಎದ್ದು ಕೆಲಸ ಶುರು ಮಾಡುತ್ತದೆ. ಆದರೆ ಎಡಗಡೆಯ ಗಂಟಿನಲ್ಲಿ ಅಕಸ್ಮಾತ್ ಕ್ಯಾನ್ಸರ್ ಅಂತ ಬಂದರೆ ಹೇಗೂ ಆಪರೇಷನ್ ಬೇಕಾಗುತ್ತದೆ, ಆಗ ಹಾಟ್ ಗಂಟನ್ನೂ ಅದೇ ಸಲ ತೆಗೆಯಬಹುದು, ಅಯೋಡಿನ್ ಕುಡಿಸಿದ್ದು ದಂಡ. ಡಾಕ್ಟರಿಗೆ ಕೇಳು, ಎಡಗಡೆಯ ಗಂಟಿಗೆ ಸೂಜಿ ಯಾವಾಗ ಅಂತ. ಅವರ ಮನಸ್ಸಿನಲ್ಲೂ ಅದು ಇರಬಹುದು, ಆದರೂ ಕೇಳು.

ಕಾರ್ಬಿಮಝೋಲ್ ಗುಳಿಗೆಯಿಂದಲೇ ಗುಣ ಆಗಲ್ವಾ ಅಂತ ವೈನಿ ಕೇಳಿದರಂತೆ. ಗುಳಿಗೆ ಹಾರ್ಮೋನನ್ನು ಹಿಡಿದಿಡುತ್ತದೆ, ಕೆಟ್ಟ ಸ್ವಿಚ್ಚನ್ನು ರಿಪೇರಿ ಮಾಡುವುದಿಲ್ಲ. ಇಡೀ ಥೈರಾಯ್ಡ್ ಸಮವಾಗಿ ಕಪ್ಪಗೆ ಕಾಣುವ ಗ್ರೇವ್ಸ್ ಕಾಯಿಲೆಯಲ್ಲಿ ಒಂದೂವರೆ ವರ್ಷ ಗುಳಿಗೆ ತಿಂದು ನಿಲ್ಲಿಸಿದ ಮೇಲೂ ಕೆಲವರು ಚೆನ್ನಾಗಿರುತ್ತಾರೆ. ಹಾಟ್ ಗಂಟಿನಲ್ಲಿ ನಿಲ್ಲಿಸಿದರೆ ಮತ್ತೆ ಬರುತ್ತದೆ. ಅಷ್ಟರ ತನಕ ಗುಳಿಗೆ ತಪ್ಪಿಸಬಾರದು, ಅಯೋಡಿನ್‌ಗೆ ಮೊದಲು ಯಾವ ದಿನ ನಿಲ್ಲಿಸಬೇಕು ಅಂತ ಅವರೇ ಹೇಳುತ್ತಾರೆ. ಗುಳಿಗೆ ತಿನ್ನುವಾಗ ಜ್ವರ, ಗಂಟಲು ನೋವು ಬಂದರೆ ಮಾತ್ರ ನೆಗಡಿ ಅಂತ ಬಿಡಬೇಡ. ಗುಳಿಗೆ ನಿಲ್ಲಿಸಿ ಅವತ್ತೇ ಡಾಕ್ಟರಿಗೆ ತೋರಿಸಿ ಬಿಳಿ ರಕ್ತಕಣ ಎಣಿಸಿಸು.

ಕೊನೆಯದಾಗಿ ಒಂದು ನನ್ನ ಕೈಯಲ್ಲೇ ಆದ ತಪ್ಪು. ಹುಮನಾಬಾದ ಕಡೆಯ ಒಬ್ಬ ಕಾಕು ಸ್ಕ್ಯಾನಿಗೆ ಬಂದಿದ್ದರು, ಹಾರ್ಮೋನ್ ಜಾಸ್ತಿ, ಚಿತ್ರ ಮಾತ್ರ ಪೂರಾ ಖಾಲಿ. ಥೈರಾಯ್ಡಿಗೆ ಬಾವು ಬಂದು ಒಳಗಿನ ಹಾರ್ಮೋನ್ ಸೋರಿದಾಗ ಹಾಗೆ ಖಾಲಿ ಬರುತ್ತದೆ, ಅದನ್ನೇ ಬರೆದು ಕಳಿಸಿದೆವು. ಆಮೇಲೆ ಗೊತ್ತಾಯ್ತು, ಹತ್ತು ದಿನ ಮೊದಲು ಹೊಟ್ಟೆನೋವಿಗೆ ಡೈ ಹಾಕಿ ಸಿಟಿ ಸ್ಕ್ಯಾನ್ ಮಾಡಿದ್ದರು. ಆ ಡೈಯಲ್ಲಿ ಅಯೋಡಿನ್ ವಿಪರೀತ, ಥೈರಾಯ್ಡ್ ತುಂಬಿಹೋಗಿ ಏನನ್ನೂ ಎಳೆದುಕೊಳ್ಳಲಿಲ್ಲ. ನಾನು ಕೇಳಬೇಕಿತ್ತು, ಕೇಳಲಿಲ್ಲ. ಎರಡು ತಿಂಗಳು ಬಿಟ್ಟು ಮತ್ತೆ ಮಾಡಿದಾಗ ಗ್ರೇವ್ಸ್ ಅಂತ ಬಂತು.

ವೈನಿಯ ಬಲಗಡೆ ಚೆನ್ನಾಗಿ ಎಳೆದುಕೊಂಡಿದೆ, ಹಾಗಾಗಿ ಈ ಸ್ಕ್ಯಾನಿಗೆ ಆ ತೊಂದರೆ ಆಗಿಲ್ಲ. ಆದರೆ ಈಗಿನಿಂದ ಅಯೋಡಿನ್ ಕುಡಿಯುವ ತನಕ ಎದೆಗೋ ಹೊಟ್ಟೆಗೋ ಡೈ ಹಾಕಿ ಸಿಟಿ ಮಾಡಿಸೋಣ ಅಂತ ಯಾರಾದರೂ ಅಂದರೆ, ಥೈರಾಯ್ಡ್ ಡಾಕ್ಟರಿಗೆ ತಿಳಿಸದೆ ಒಪ್ಪಬೇಡ. ಸೂಜಿ ಪರೀಕ್ಷೆಯ ರಿಪೋರ್ಟ್ ಬಂದ ದಿನ ಫೋಟೋ ಕಳಿಸು. ಅದರಲ್ಲಿ ‘ಬೆಥೆಸ್ಡಾ’ ಅಂತ ಒಂದು ಅಂಕಿ ಇರುತ್ತದೆ. 2 ಇದ್ದರೆ ಸಾದಾ ಗಂಟು, ಅಯೋಡಿನ್ ದಿನ ಗೊತ್ತು ಮಾಡಿಕೊಳ್ಳಬಹುದು. ಬೇರೆ ಯಾವ ಅಂಕಿ ಇದ್ದರೂ ಮೊದಲು ನನಗೆ ಫೋನ್ ಮಾಡು, ಆಮೇಲೆ ಟಿಕೆಟ್ ತೆಗೆ.

ನಿನ್ನ,
ಶರಣು
ಕಲಬುರಗಿ