ಕಾಯಿಸಿ ಆರಿಸಿದ ನೀರಿನ ಬಗ್ಗೆ ಪುಟ್ಟಿಗೆ ಒಂದು ಪತ್ರ

ಪ್ರೀತಿಯ ಪುಟ್ಟಿಗೆ ದೊಡ್ಡಮ್ಮನ ಆಶೀರ್ವಾದಗಳು.

ಮಗುವಿಗೆ ಮತ್ತೆ ಭೇದಿ ಆಯಿತು ಅಂತ ನಿನ್ನೆ ಫೋನಿನಲ್ಲಿ ಹೇಳಿದೆ. "ನೀರು ಕಾಯಿಸಿಯೇ ಕುಡಿಸ್ತೀನಲ್ಲ ದೊಡ್ಡಮ್ಮ" ಅಂದೆ. ಭೇದಿಗೆ ನೀರೇ ಕಾರಣ ಅಂತ ನಾನು ಹೇಳುತ್ತಿಲ್ಲ, ಅದನ್ನು ಡಾಕ್ಟರ್ ನೋಡಲಿ. ಆದರೆ ಭಾನುವಾರ ಕಾಯಿಸಿ ಫಿಲ್ಟರಿಗೆ ತುಂಬಿದ ನೀರು ಗುರುವಾರದವರೆಗೂ ಬರುತ್ತೆ ಅಂದೆಯಲ್ಲ, ಅದು ನನಗೆ ಸರಿ ಕಾಣಲಿಲ್ಲ. ನೀರು ಪರೀಕ್ಷೆ ಮಾಡುವ ಕೆಲಸದಲ್ಲೇ ಇದ್ದವಳು ನಾನು, ಅದಕ್ಕೇ ಬರೆಯುತ್ತಿದ್ದೇನೆ.

ಕುದಿಸಿದಾಗ ನೀರಿನಲ್ಲಿರುವ ರೋಗಾಣುಗಳು ಸಾಯುತ್ತವೆ. ಕೊತಕೊತ ಮರಳಲು ಶುರುವಾದ ಮೇಲೆ 1 ನಿಮಿಷ ಸಾಕು, ಇಪ್ಪತ್ತು ನಿಮಿಷ ಗ್ಯಾಸ್ ಸುಡುವುದು ಬೇಡ. ಆದರೆ ಆರಿದ ಮೇಲೆ ಅದನ್ನು ಕಾಯುವವರು ಯಾರೂ ಇಲ್ಲ. ನಲ್ಲಿ ನೀರಿಗೆ ಹಾಕಿರುವ ಕ್ಲೋರಿನ್ ಮನೆಗೆ ಬರುವಾಗಲೂ ಸ್ವಲ್ಪ ಉಳಿದಿದ್ದರೆ, ಆಮೇಲೆ ಬಂದು ಸೇರುವ ಕೊಳೆಯ ಜೊತೆ ಅದು ಹೋರಾಡುತ್ತದೆ. ಕುದಿಸಿದಾಗ ಆ ಕ್ಲೋರಿನ್ ಹಾರಿ ಹೋಗುತ್ತದೆ. ಹಾಗಾಗಿ ಆರಿದ ನೀರಿಗೆ ಆಮೇಲೆ ಒಂದು ಕೊಳಕು ಬೆರಳು ತಾಗಿದರೂ ತಡೆಯುವುದು ಏನೂ ಇರುವುದಿಲ್ಲ. ಸ್ಟೀಲ್ ಪಾತ್ರೆಯೂ ತಡೆಯುವುದಿಲ್ಲ. ಅದು ತೊಳೆಯಲು ಸುಲಭ, ಅಷ್ಟೇ.

ನಿಮ್ಮ ಮನೆಯಲ್ಲಿ ಕೊಳೆ ಎಲ್ಲಿಂದ ಸೇರಬಹುದು ಅಂತ ಯೋಚಿಸಿದೆ. ಮೊದಲನೆಯದು ಆ ಕ್ಯಾಂಡಲ್. ನೀನು ನೀರು ಕಾಯಿಸಿ, ಆರಿಸಿ, ಆಮೇಲೆ ಫಿಲ್ಟರಿಗೆ ಸುರಿಯುತ್ತೀಯ. ಕ್ಯಾಂಡಲ್ ಮೇಲೆ ವಾರಗಟ್ಟಲೆ ಕೂತ ಕೆಸರಿನ ಮೂಲಕ ಶುದ್ಧವಾದ ನೀರನ್ನು ಇಳಿಸಿದ ಹಾಗಾಯಿತು, ಅಲ್ವಾ? ಮೊದಲು ಸೋಸಬೇಕು, ಆಮೇಲೆ ಕುದಿಸಬೇಕು. ಕುದಿಸಿದ ಪಾತ್ರೆಯಲ್ಲೇ ಮುಚ್ಚಳ ಹಾಕಿ ಆರಲು ಬಿಡು. ಎಷ್ಟು ಕಡಿಮೆ ಪಾತ್ರೆ ಬದಲಾದರೆ ಅಷ್ಟು ಒಳ್ಳೆಯದು.

ಎರಡನೆಯದು ಹಳೆ ನೀರಿನ ಮೇಲೆ ಹೊಸ ನೀರು ತುಂಬುವ ಅಭ್ಯಾಸ. ಪಾತ್ರೆ ಪೂರ್ತಿ ಖಾಲಿಯಾಗುವುದೇ ಇಲ್ಲ, ಹಾಗಾಗಿ ತೊಳೆಯುವ ಮಾತೂ ಬರುವುದಿಲ್ಲ. ಒಳಗೋಡೆಗೆ ಕಣ್ಣಿಗೆ ಕಾಣದ ಲೋಳೆ ಕಟ್ಟುತ್ತದೆ. ಅದರೊಳಗೆ ಸೇರಿಕೊಂಡ ಸೂಕ್ಷ್ಮಜೀವಿಗಳು ಹೊಸ ನೀರಿಗೂ ಇಳಿಯುತ್ತವೆ. ಅವುಗಳಲ್ಲಿ ಹೆಚ್ಚಿನವು ಆರೋಗ್ಯವಂತರಿಗೆ ಏನೂ ಮಾಡುವುದಿಲ್ಲ. ಆದರೆ ತೊಳೆಯದ ಕೈಯಿಂದ ಭೇದಿ ತರುವಂಥದ್ದು ಒಂದು ಸೇರಿಕೊಂಡರೆ ಚಿಕ್ಕ ಮಗುವಿಗೆ ಅದು ಸಾಕು. ನೀರು ತಿಳಿಯಾಗಿಯೇ ಇರುತ್ತದೆ, ರುಚಿಯೂ ಕೆಡುವುದಿಲ್ಲ. ಅದಕ್ಕೇ ನೋಡಿ ನಂಬಬೇಡ, ಮುಟ್ಟಿ ನೋಡು. ಖಾಲಿ ಪಾತ್ರೆಯ ಒಳಗೆ ಬೆರಳು ಆಡಿಸಿದಾಗ ಜಾರಿದರೆ ಲೋಳೆ ಇದೆ ಅಂತಲೇ ಅರ್ಥ. ಒರಟಾದ ಬಿಳಿ ಕರೆ ಸಿಕ್ಕರೆ ಹೆದರಬೇಡ. ಅದು ಗಡಸು ನೀರಿನ ಸುಣ್ಣ, ಸ್ವಲ್ಪ ನಿಂಬೆರಸ ಹಾಕಿ ಉಜ್ಜಿದರೆ ಹೋಗುತ್ತದೆ.

ಲೋಳೆ ಜಾಸ್ತಿ ಕಟ್ಟುವ ಜಾಗ ಫಿಲ್ಟರಿನ ನಲ್ಲಿ. ಅದನ್ನು ತಿರುಗಿಸಿ ಬಿಚ್ಚು, ವಾಷರ್ ತೆಗಿ, ಸಣ್ಣ ಬ್ರಷ್‌ನಿಂದ ಒಳಗಿನ ತೂತನ್ನು ಸೋಪು ಹಾಕಿ ಉಜ್ಜು. ವಾರಕ್ಕೊಮ್ಮೆ ಹೀಗೆ ಮಾಡು. ಕ್ಯಾಂಡಲ್‌ಗೆ ಮಾತ್ರ ಸೋಪು ಬೇಡ, ಹರಿಯುವ ನೀರಿನಲ್ಲಿ ಮೆತ್ತಗೆ ಉಜ್ಜಿದರೆ ಸಾಕು.

ನೀವು ಮೂವರಿಗೆ ದಿನಕ್ಕೆ 6 ಲೀಟರ್ ಅಂತ ಇಟ್ಟುಕೊಳ್ಳೋಣ. ಎರಡು ಸ್ಟೀಲ್ ಪಾತ್ರೆ ಇಟ್ಟುಕೋ. ರಾತ್ರಿ ಊಟ ಆದ ಮೇಲೆ ಒಂದರಲ್ಲಿ 6 ಲೀಟರ್ ಸೋಸಿದ ನೀರು ಕುದಿಸಿ ಮುಚ್ಚಿಡು, ಬೆಳಗ್ಗೆಗೆ ಆರಿರುತ್ತದೆ. ಅದು ಮರುದಿನ ರಾತ್ರಿಯವರೆಗೆ. ಉಳಿದದ್ದನ್ನು ಗಿಡಕ್ಕೆ ಹಾಕಿ, ಆ ಪಾತ್ರೆಯನ್ನು ಸೋಪಿನಿಂದ ಉಜ್ಜಿ ಬೋರಲು ಹಾಕು. ಅಷ್ಟರಲ್ಲಿ ಇನ್ನೊಂದು ಪಾತ್ರೆ ಒಣಗಿ ಸಿದ್ಧವಾಗಿರುತ್ತದೆ. ಬಟ್ಟೆಯಿಂದ ಒರೆಸಬೇಡ, ಅಡುಗೆಮನೆ ಬಟ್ಟೆಗಿಂತ ಕೊಳಕು ಇನ್ನೊಂದಿಲ್ಲ. ಲೋಟ ಅದ್ದಬಾರದು. ಉದ್ದ ಹಿಡಿಯ ಸೌಟು ಬೇರೆಯೇ ಇರಲಿ, ಅದನ್ನು ನೀರೊಳಗೆ ಬಿಡದೆ ಮೇಲೆ ತೂಗುಹಾಕು. ಊರಿಗೆ ಹೋಗಿ ಬಂದ ದಿನ ಪಾತ್ರೆಯಲ್ಲಿ ಉಳಿದ ನೀರನ್ನು ಸುಮ್ನೆ ಚೆಲ್ಲಿಬಿಡು.

ಇನ್ನೊಂದು ವಿಷಯ. ಬೇಸಿಗೆಯಲ್ಲಿ ಟ್ಯಾಂಕರ್‌ನಲ್ಲಿ ಬರುವುದು ಬೋರ್‌ವೆಲ್ ನೀರಾದರೆ ಕುದಿಸಿದ್ದು ಮಾತ್ರಕ್ಕೆ ನಿಶ್ಚಿಂತೆ ಬೇಡ. ಫ್ಲೋರೈಡ್, ನೈಟ್ರೇಟ್ ಕುದಿಸಿದರೆ ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅವುಗಳ ಪ್ರಮಾಣ ಸ್ವಲ್ಪ ಹೆಚ್ಚೇ ಆಗುತ್ತದೆ. ಅದನ್ನು ಒಮ್ಮೆ ಲ್ಯಾಬಿಗೆ ಕೊಟ್ಟು ನೋಡಿಸಿ.

ಮಗುವಿಗೆ ಓಆರ್‌ಎಸ್ ಕಲಸುವುದೂ ಅದೇ ದಿನದ ಆರಿದ ನೀರಿನಲ್ಲೇ ಇರಲಿ. ಕಲಸಿದ್ದು 24 ಗಂಟೆ ದಾಟಿದರೆ ಚೆಲ್ಲು. ಮೂತ್ರ ಕಡಿಮೆ ಆದರೆ, ಮಂಕಾಗಿ ಮಲಗಿದರೆ ನನ್ನ ಪತ್ರ ಓದುತ್ತಾ ಕೂರಬೇಡ, ಆಸ್ಪತ್ರೆಗೆ ಕರೆದುಕೊಂಡು ಹೋಗು.

ಇವತ್ತೇ ಆ ನಲ್ಲಿ ಬಿಚ್ಚಿ ಒಳಗೆ ಬೆರಳಾಡಿಸಿ ನೋಡು. ಏನು ಸಿಕ್ಕಿತು ಅಂತ ರಾತ್ರಿ ಫೋನ್ ಮಾಡಿ ಹೇಳು.

ನಿನ್ನ ದೊಡ್ಡಮ್ಮ